ನಗೋಕೆ ಮುಂಚೆ ಆ ಜಾತಕವನ್ನು ಒಮ್ಮೆ ಓದಬೇಕಿತ್ತು

ಪ್ರೀತಿಯ ಪುಟ್ಟು,

ಮೊನ್ನೆ ನೀನು ಫೋನಿನಲ್ಲಿ ಅಷ್ಟು ಖುಷಿಯಿಂದ ಹೇಳಿದ ವಿಷಯ ನನ್ನ ತಲೆಯಿಂದ ಹೋಗುತ್ತಿಲ್ಲ. ಫೋನಿನಲ್ಲಿ ನಿನ್ನ ಮಾತಿನ ಮಧ್ಯೆ ಬಾಯಿ ಹಾಕೋಕೆ ಆಗಲಿಲ್ಲ, ಅದಕ್ಕೇ ಕೂತು ಬರೆಯುತ್ತಿದ್ದೇನೆ. ನಿನ್ನ ಗೆಳೆಯನೂ ಆ ಹುಡುಗಿಯೂ ಮದುವೆಯ ಮಾತು ತೀರ್ಮಾನ ಮಾಡುವ ಮೊದಲು ಜಾತಕ ತೋರಿಸಿದರು, ಹೊಂದಿಲ್ಲ ಅಂತ ಬಂತು. ನೀನು ಹೋಟೆಲಿನಲ್ಲಿ ಎಲ್ಲರೆದುರು "ಕುಜ ಬುಧ ಎಲ್ಲ ಊಟಕ್ಕೆ ಬರ್ತಾರಾ, ಎಷ್ಟು ಎಲೆ ಹಾಕಿಸಲಿ" ಅಂದೆ. ಎಲ್ಲರೂ ನಕ್ಕರು. ಆ ಹುಡುಗಿ ನಗಲಿಲ್ಲ ಅಂತ ನೀನೇ ಹೇಳಿದೆ. ನನಗೆ ಉಳಿದದ್ದು ಅದೊಂದೇ.

ಪುಣೆಯ ಪರೀಕ್ಷೆಯ ವಿಷಯ ನೀನು ಹೇಳಿದ್ದು ನನಗೆ ಗೊತ್ತು. 2008ರಲ್ಲಿ ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಮತ್ತು ಅವರ ಜೊತೆಯವರು ಇನ್ನೂರು ಮಕ್ಕಳ ಜಾತಕ ಸೇರಿಸಿದರು. ನೂರು ಓದಿನಲ್ಲಿ ಜಾಣ ಮಕ್ಕಳದು, ನೂರು ಬುದ್ಧಿ ಬೆಳವಣಿಗೆ ಕುಂಠಿತವಾದ ಮಕ್ಕಳದು. ಯಾವುದು ಯಾರದು ಹೇಳಿ ಅಂತ ಜ್ಯೋತಿಷಿಗಳಿಗೆ ಕೊಟ್ಟರು. ಉತ್ತರ ಕಳಿಸಿದವರು 27 ಜನ, ಅವರು ಸರಿಯಾಗಿ ಹೇಳಿದ್ದು ನೂರಕ್ಕೆ 46. ನಾಣ್ಯ ಚಿಮ್ಮಿದರೂ ಅಷ್ಟೇ ಬರುತ್ತಿತ್ತು. ಅದನ್ನು ನಾನು ಒಪ್ಪುತ್ತೇನೆ. ಜಾತಕ ನೋಡಿ ಮದುವೆ ಚೆನ್ನಾಗಿರುತ್ತದೋ ಇಲ್ಲವೋ ಹೇಳಬಹುದು ಅಂತ ನಾನು ನಿನಗೆ ವಾದ ಮಾಡುವುದಿಲ್ಲ, ನನಗೂ ಆ ನಂಬಿಕೆ ಇಲ್ಲ. ಆದರೆ ನಿನ್ನ ತಾತ ಜಾತಕ ಬರೆಯುತ್ತಿದ್ದವರು. ತೀರ್ಥಹಳ್ಳಿ ಮನೆಯ ಜಗಲಿಯಲ್ಲಿ ಅವರ ಪಕ್ಕ ಕೂತು ಘಳಿಗೆ ವಿಘಳಿಗೆ ಲೆಕ್ಕ ಹಾಕಿಕೊಟ್ಟವಳು ನಾನು. ಹಾಗಾಗಿ ನೀನು ನಗೋಣ ಅಂತ ಕಳಿಸಿದ ಆ ಜಾತಕದ ಫೋಟೋವನ್ನು ನಾನು ಸುಮ್ನೆ ನೋಡಿ ಬಿಡಲಿಲ್ಲ, ಓದಿದೆ.

ಅದರಲ್ಲಿ ಒಂದು ತಪ್ಪಿದೆ ಪುಟ್ಟು.

ಮೊದಲು ಹೊಂದಾಣಿಕೆ ಹೇಗೆ ನೋಡುತ್ತಾರೆ ಹೇಳುತ್ತೇನೆ, ಜಾಸ್ತಿ ಇಲ್ಲ. ಹುಟ್ಟಿದ ಹೊತ್ತಿಗೆ ಚಂದ್ರ ಯಾವ ನಕ್ಷತ್ರದಲ್ಲಿದ್ದ ಅನ್ನೋದೇ ಎಲ್ಲಕ್ಕೂ ಆಧಾರ. ನಕ್ಷತ್ರ 27. ಚಂದ್ರ ಹೆಚ್ಚುಕಡಿಮೆ ದಿನಕ್ಕೊಂದು ನಕ್ಷತ್ರ ದಾಟುತ್ತಾನೆ. ಹುಡುಗ ಹುಡುಗಿಯ ನಕ್ಷತ್ರ, ರಾಶಿ ಇಟ್ಟುಕೊಂಡು ಎಂಟು ಕೂಟ, ಅಂದರೆ ಎಂಟು ಬಗೆಯ ಹೊಂದಾಣಿಕೆ, ನೋಡಿ ಒಟ್ಟು 36 ಗುಣಕ್ಕೆ ಲೆಕ್ಕ ಹಾಕುತ್ತಾರೆ, 18 ದಾಟಿದರೆ ಆಗಬಹುದು ಅನ್ನುತ್ತಾರೆ. ಎಂಟರಲ್ಲಿ ದೊಡ್ಡದು ನಾಡಿ, ಅದೊಂದಕ್ಕೇ 8 ಗುಣ. ಆದಿ, ಮಧ್ಯ, ಅಂತ್ಯ ಅಂತ ಮೂರು ನಾಡಿ, ಒಂದೊಂದರಲ್ಲಿ ಒಂಬತ್ತು ನಕ್ಷತ್ರ. ಇಬ್ಬರದೂ ಬೇರೆ ನಾಡಿಯಾದರೆ ಪೂರ್ತಿ ಎಂಟು, ಒಂದೇ ಆದರೆ ಸೊನ್ನೆ. ಮಧ್ಯದಲ್ಲಿ ಏನೂ ಇಲ್ಲ. ಈ ಸೊನ್ನೆಗೇ ನಾಡಿ ದೋಷ ಅನ್ನೋದು. ಮಿಕ್ಕಿದ್ದೆಲ್ಲ ಹೊಂದಿದರೂ ಇದೊಂದಕ್ಕೆ ಎಷ್ಟೋ ಮನೆಯವರು ಹಿಂದೆ ಸರಿಯುತ್ತಾರೆ.

ಹುಡುಗಿಯದು ಅಶ್ವಿನಿ. ನಿನ್ನ ಗೆಳೆಯನದು ಪುನರ್ವಸು ಎರಡನೇ ಪಾದ ಅಂತ ಬರೆದಿದ್ದಾರೆ. ಎರಡೂ ಆದಿ ನಾಡಿ, ಅದಕ್ಕೇ ಸೊನ್ನೆ. ಸರಿ. ಆದರೆ ಜಾತಕದ ಮೇಲ್ಭಾಗದಲ್ಲಿ ಏನಿದೆ ನೋಡು. ತಾರೀಕು 14, ಸಮಯ 0.40, ವಾರ ಬುಧವಾರ. ನೀನೇ ಅವನ ಅಜ್ಜಿಯ ಮಾತು ಹೇಳಿದ್ದೆಯಲ್ಲ, "ಗುರುವಾರ ರಾತ್ರಿ, ಹದಿನಾಲ್ಕನೇ ತಾರೀಕು, ಹನ್ನೆರಡು ಗಂಟೆ ಮೇಲೆ ಹುಟ್ಟಿದ, ಊಟ ಮಾಡಿ ಮಲಗಿದವರನ್ನೆಲ್ಲ ಎಬ್ಬಿಸಿದೆ" ಅಂತ. ಅಜ್ಜಿ ಹೇಳಿದ್ದೂ ಸರಿ, ಕಂಪ್ಯೂಟರ್ ಮಾಡಿದ್ದೂ ಸರಿ. ಮಧ್ಯದಲ್ಲಿ ಟೈಪ್ ಮಾಡಿದವರಿಂದ ಎಡವಟ್ಟಾಗಿದೆ. ನಮ್ಮ ಹಳಬರಿಗೆ ದಿನ ಅಂದರೆ ಸೂರ್ಯ ಹುಟ್ಟುವುದರಿಂದ ಮಾರನೆಯ ಸೂರ್ಯ ಹುಟ್ಟುವವರೆಗೆ. ಪಂಚಾಂಗಕ್ಕೂ ಹಾಗೇ. ಹದಿನಾಲ್ಕರ ರಾತ್ರಿ ಹನ್ನೆರಡೂ ನಲವತ್ತು ಅಂದರೆ ಅಜ್ಜಿಯ ಲೆಕ್ಕದಲ್ಲಿ ಇನ್ನೂ ಹದಿನಾಲ್ಕು, ಇನ್ನೂ ಗುರುವಾರ. ಗಡಿಯಾರದ ಲೆಕ್ಕದಲ್ಲಿ ಆಗಲೇ ಹದಿನೈದು. ಅವರು 14 ಅಂತ ಹಾಕಿ 0.40 ಅಂತ ಹಾಕಿದರು, ಜಾತಕ ಇಡೀ ಒಂದು ದಿನ ಹಿಂದಕ್ಕೆ ಹೋಯಿತು. ಬುಧವಾರ ಅಂತ ಬಂದಿರುವುದೇ ಅದಕ್ಕೆ ಸಾಕ್ಷಿ. ತಾತ ಯಾವಾಗಲೂ ವಾರ ಮೊದಲು ಕೇಳುತ್ತಿದ್ದರು, ಸಮಯ ಆಮೇಲೆ. ತಾರೀಕು ಮರೆಯುವ ತಾಯಿ ಉಂಟು, ಹೆರಿಗೆಯಾದ ವಾರ ಮರೆಯುವ ತಾಯಿ ಕಡಿಮೆ ಅನ್ನುತ್ತಿದ್ದರು.

ಒಂದು ದಿನ ಮುಂದಕ್ಕೆ ತಂದರೆ ಚಂದ್ರ ಪುನರ್ವಸು ದಾಟಿ ಪುಷ್ಯಕ್ಕೆ ಬಂದಿರುತ್ತಾನೆ. ಪುಷ್ಯ ಮಧ್ಯ ನಾಡಿ. ಸೊನ್ನೆ ಹೋಗಿ ಎಂಟು ಬಂತು. ರಾಶಿ ಮಿಥುನದಿಂದ ಕರ್ಕಾಟಕಕ್ಕೆ ಬದಲಾಯಿತು, ರಾಶಿಯ ಅಧಿಪತಿ ಬುಧನ ಬದಲು ಚಂದ್ರ. ಹುಡುಗಿಯ ಮೇಷಕ್ಕೆ ಅಧಿಪತಿ ಕುಜ. ಕುಜ-ಬುಧರಿಗೆ ಗ್ರಹಮೈತ್ರಿಯಲ್ಲಿ ಐದಕ್ಕೆ ಅರ್ಧ ಕೊಡುತ್ತಾರೆ, ಕುಜ-ಚಂದ್ರರಿಗೆ ನಾಲ್ಕು. ಈ ಎರಡು ಕೂಟದಲ್ಲೇ ಹನ್ನೊಂದೂವರೆ ಗುಣ ಜಾಸ್ತಿಯಾಯಿತು. ಗಣ ಇಬ್ಬರಿಗೂ ಮೊದಲೂ ದೇವಗಣ, ಈಗಲೂ ದೇವಗಣ.

ಹಾಗಂತ ಈಗ ಅವರ ಮದುವೆ ಚೆನ್ನಾಗಿರುತ್ತದೆ ಅಂತ ನಾನು ಹೇಳುತ್ತಿಲ್ಲ. ಆ ಸೊನ್ನೆಯೂ ಅವರ ಬಗ್ಗೆ ಏನೂ ಹೇಳಿರಲಿಲ್ಲ, ಈ ಎಂಟೂ ಹೇಳುವುದಿಲ್ಲ. ನಾನು ಹೇಳುತ್ತಿರುವುದು ಬೇರೆ. ಒಂದು ಮನೆಯಲ್ಲಿ ತಾಯಿಯೊಬ್ಬಳು ವಾರದಿಂದ ನಿದ್ದೆ ಮಾಡಿಲ್ಲ ಅಂತೀಯ, ಹುಡುಗಿ ಅತ್ತು ಸಾಕಾಗಿದ್ದಾಳೆ, ಅದೆಲ್ಲ ಒಂದು ತಪ್ಪು ತಾರೀಕಿನಿಂದ. ಆಸ್ಪತ್ರೆಯ ಡಿಸ್‌ಚಾರ್ಜ್ ಚೀಟಿ ತೆಗೆದು ನೋಡಿದ್ದರೆ ಹತ್ತು ನಿಮಿಷದ ಕೆಲಸ. ಕಾಗದ ನಿನ್ನ ಕೈಯಲ್ಲೇ ಇತ್ತು, ಅಜ್ಜಿಯ ಮಾತೂ ನಿನ್ನ ಕಿವಿಯಲ್ಲಿತ್ತು. ಇದೆಲ್ಲ ಸುಳ್ಳು ಅಂತ ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದರಿಂದ ನಿನಗೆ ಓದಬೇಕು ಅನ್ನಿಸಲೇ ಇಲ್ಲ. ನಂಬುವವರೂ ಓದಲಿಲ್ಲ, ನಂಬದವನೂ ಓದಲಿಲ್ಲ.

ಇನ್ನೊಂದು. ಆ ಹುಡುಗಿ ಭಯಪಟ್ಟಿರುವುದು ಗ್ರಹಕ್ಕಲ್ಲ. "ಒಂದೇ ನಾಡಿ ಅಂದರೆ ಒಂದೇ ರಕ್ತ, ಮಕ್ಕಳಿಗೆ ತೊಂದರೆಯಾಗುತ್ತೆ" ಅಂತ ಯಾರೋ ಹೇಳಿದ್ದಾರೆ, ಅದನ್ನು ಅವಳು ವಿಜ್ಞಾನ ಅಂದುಕೊಂಡಿದ್ದಾಳೆ. ನೀನು ಮಾತಾಡಬೇಕಿದ್ದದ್ದು ಇಲ್ಲಿ. ನಾಡಿ ಬರುವುದು ಹುಟ್ಟಿದ ದಿನದ ನಕ್ಷತ್ರದಿಂದ, ಅಪ್ಪ ಅಮ್ಮನಿಂದ ಅಲ್ಲ. ನಿನ್ನ ಅಪ್ಪನದು ಒಂದು ನಾಡಿ, ನನ್ನದು ಒಂದು, ನಾವು ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು. ನಮ್ಮ ಕಡೆ ಸೋದರಮಾವನಿಗೇ ಹುಡುಗಿ ಕೊಡುತ್ತಿದ್ದರಲ್ಲ, ಅಲ್ಲಿ ರಕ್ತ ನಿಜವಾಗಿಯೂ ಹತ್ತಿರ. ಆದರೂ ನಾಡಿ ಬೇರೆ ಬಂದರೆ ಎಂಟಕ್ಕೆ ಎಂಟೂ ಬರುತ್ತಿತ್ತು. ಮಕ್ಕಳ ಆರೋಗ್ಯದ ಚಿಂತೆ ಇದ್ದರೆ ಇಬ್ಬರೂ ತಲಸ್ಸೀಮಿಯಾ ಅನ್ನೋ, ಅಪ್ಪ ಅಮ್ಮನಿಂದ ಬರುವ ರಕ್ತದ ಕಾಯಿಲೆಗೆ ರಕ್ತಪರೀಕ್ಷೆ ಮಾಡಿಸಲಿ. ಇಬ್ಬರೂ ಅದರ ವಾಹಕರಾಗಿದ್ದರೆ ಪ್ರತಿ ಬಸುರಿಗೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ ಇರುತ್ತದೆ, ಅದು ಮೊದಲೇ ಗೊತ್ತಾಗುತ್ತದೆ. ಇದನ್ನು ಮೆತ್ತಗೆ ಹೇಳಿದ್ದರೆ ಅವಳು ಕೇಳುತ್ತಿದ್ದಳು, ಅಲ್ವಾ?

ಮತ್ತೆ ಲೆಕ್ಕ ನೋಡು, ಮೂರು ನಾಡಿ ಅಂದಮೇಲೆ ಸರಾಸರಿ ಮೂರು ಜೋಡಿಯಲ್ಲಿ ಹೆಚ್ಚುಕಡಿಮೆ ಒಂದು ಜೋಡಿಗೆ ಈ ದೋಷ ಬರುತ್ತದೆ. ನನಗೂ ನಿನ್ನ ಮಾವನಿಗೂ ಒಂದೇ ನಾಡಿ. ನನ್ನದು ರೋಹಿಣಿ, ಅವರದು ಕೃತ್ತಿಕೆ ಮೂರನೇ ಪಾದ, ಎರಡೂ ಅಂತ್ಯ. ರಾಶಿ ಒಂದೇ ಆಗಿ ನಕ್ಷತ್ರ ಬೇರೆ ಇದ್ದರೆ ದೋಷವಿಲ್ಲ ಅಂತ ಶಾಸ್ತ್ರದಲ್ಲೇ ಇದೆ ಅಂದರು ತಾತ, ಮದುವೆ ಮಾಡಿದರು. ಇಂಥ ವಿನಾಯಿತಿಗಳು ಎಷ್ಟೋ ಇವೆ. ಎಷ್ಟೋ ಕಂಪ್ಯೂಟರ್ ಹಾಳೆಗಳಲ್ಲಿ ಅವು ಬರುವುದಿಲ್ಲ, ಬರೀ ಸೊನ್ನೆ ಬರುತ್ತದೆ.

ಜಾತಕದಿಂದ ಯಾರಿಗೂ ನೋವಾಗಿಲ್ಲ ಅಂತ ನಾನು ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ನಿನ್ನ ದೊಡ್ಡತ್ತೆಯದು ಮೂಲಾ ನಕ್ಷತ್ರ. ಮೂಲಾ ಹುಡುಗಿ ಬಂದರೆ ಮಾವನಿಗೆ ಆಗಿಬರುವುದಿಲ್ಲ ಅನ್ನುತ್ತಾರಲ್ಲ, ಆ ಒಂದು ಮಾತಿಗೆ ಹನ್ನೊಂದು ಸಂಬಂಧ ತಪ್ಪಿತು. ಅವಳದು ನಾಲ್ಕನೇ ಪಾದ, ಅದಕ್ಕೆ ದೋಷವೇ ಇಲ್ಲ ಅಂತ ತಾತ ಪುಸ್ತಕ ಹಿಡಿದು ತೋರಿಸುತ್ತಿದ್ದರು. ಬಂದವರು ಕಾಫಿ ಕುಡಿದು ಕೇಳಿಸಿಕೊಂಡು ಹೋಗುತ್ತಿದ್ದರು, ಆಮೇಲೆ ಕಾಗದ ಬರುತ್ತಿರಲಿಲ್ಲ. ಸಮಯ ಸ್ವಲ್ಪ ತಿದ್ದಿ ಪೂರ್ವಾಷಾಢ ಮಾಡಿಬಿಡಿ, ಎಲ್ಲರೂ ಮಾಡುತ್ತಾರೆ ಅಂತ ನೆಂಟರೇ ಹೇಳಿದರು. ತಾತ ತಿದ್ದಲಿಲ್ಲ. ಅವಳಿಗೆ ಮದುವೆಯಾದಾಗ ಮೂವತ್ನಾಲ್ಕು. ಜಾತಕ ಕೇಳದ ಮನೆಗೇ ಹೋದಳು. ಆ ಹತ್ತು ವರ್ಷ ಅವಳು ಯಾರ ಮದುವೆಗೂ ಬರುತ್ತಿರಲಿಲ್ಲ. ಈ ಸಿಟ್ಟು ನನಗೆ ಇವತ್ತಿಗೂ ಇದೆ, ನಿನಗಿಂತ ಜಾಸ್ತಿ ಇದೆ. ಆದರೆ ಆ ಸಿಟ್ಟು ತೋರಿಸಬೇಕಾದ್ದು ಹುಡುಗಿಯನ್ನು ನೋಡದೇ ಕಾಗದ ನೋಡಿ ಬೇಡ ಅಂದವರ ಮೇಲೆ. ನಿನ್ನ ಗೆಳೆಯ ಮತ್ತು ಆ ಹುಡುಗಿ ಒಬ್ಬರನ್ನೊಬ್ಬರು ನೋಡಿ, ಬೇಕು ಅಂದುಕೊಂಡು, ಆಮೇಲೆ ಅಮ್ಮನ ಮನಸ್ಸಿಗೂ ಒಂದು ನೆಮ್ಮದಿ ಇರಲಿ ಅಂತ ಕಾಗದ ತೋರಿಸಿದವರು. ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡ.

ಈಗ ಮಾಡಬೇಕಾದ್ದು ಹೇಳುತ್ತೇನೆ. ಮೊದಲು ಆ ಹುಡುಗಿಯ ಹತ್ತಿರ ಹೋಗಿ, ಅವನ ಹತ್ತಿರ ಅಲ್ಲ, ಅವಳ ಹತ್ತಿರ, ಅವತ್ತು ಎಲ್ಲರೆದುರು ಹಾಗಂದದ್ದು ತಪ್ಪಾಯಿತು ಅಂತ ಹೇಳು. ಆಮೇಲೆ ತಾರೀಕಿನ ವಿಷಯ ಹೇಳು. ಆದರೆ ಅದಕ್ಕೂ ಮುಂಚೆ ಇಬ್ಬರನ್ನೂ ಒಂದು ಮಾತು ಕೇಳು: ಹೊಸ ಜಾತಕವೂ ಹೊಂದಲಿಲ್ಲ ಅಂದರೆ ಏನು ಮಾಡುತ್ತೀರಿ? ಇದಕ್ಕೆ ಉತ್ತರ ತಿಳಿದುಕೊಂಡೇ ಕಾಗದ ಬಿಚ್ಚಬೇಕು. ಉತ್ತರ ಇಲ್ಲದೇ ಹೋದವರು ಒಬ್ಬ ಜ್ಯೋತಿಷಿಯಿಂದ ಇನ್ನೊಬ್ಬರ ಹತ್ತಿರ ಅಲೆಯುತ್ತಾರೆ, ಒಂದು ಕಡೆ ಹೌದು ಇನ್ನೊಂದು ಕಡೆ ಇಲ್ಲ, ಮೂರನೇ ಕಡೆ ಶಾಂತಿ ಮಾಡಿಸಿ ಅಂತ ದೊಡ್ಡ ಚೀಟಿ. ಏನೇ ಬಂದರೂ ನಾವು ಮದುವೆಯಾಗುತ್ತೇವೆ ಅಂತ ಅವರು ಹೇಳಿದರೆ ನೀನು ಅವರ ಜೊತೆ ನಿಲ್ಲು. ಹಾಗೆ ಹೇಳಲು ಅವರಿಗೆ ಆಗದಿದ್ದರೂ ನಗಬೇಡ. ಅವರಿಗೆ ಇನ್ನೂ ಸಮಯ ಬೇಕು ಅಂತ ಅರ್ಥ ಅಷ್ಟೇ.

ಡಿಸ್‌ಚಾರ್ಜ್ ಚೀಟಿ ಸಿಕ್ಕಿದರೆ ಅದರ ಫೋಟೋ ಕಳಿಸು. ಸಿಗದಿದ್ದರೆ ಆ ವರ್ಷದ ಪಂಚಾಂಗ ತಾತನ ಪೆಟ್ಟಿಗೆಯಲ್ಲಿದೆ, ತೆಗೆದು ನೋಡುತ್ತೇನೆ. ಹುಡುಗಿಯ ಅಮ್ಮನಿಗೆ ಬೇಕಾದರೆ ನನ್ನ ನಂಬರ್ ಕೊಡು, ಸಂಜೆ ಆರರ ಮೇಲೆ ಮಾಡಲಿ. ಶನಿವಾರ ದೊಡ್ಡತ್ತೆ ಇಲ್ಲಿಗೆ ಬರುತ್ತಾಳೆ. ನೀನೂ ಬಾ, ಅವನನ್ನೂ ಕರೆದುಕೊಂಡು ಬಾ.

ನಿನ್ನ
ಅತ್ತೆ