ಅದು ಎತ್ತಲ್ಲ ಪುಟ್ಟಿ, ಗೂಳಿ

ಪುಟ್ಟಿ,

ಶಿವರಾತ್ರಿ ಕಳೆದಾಗಿನಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮನ ಹತ್ತಿರ ಮಾತಾಡ್ತೀಯ, ನಾನು ಪಕ್ಕದಲ್ಲಿದ್ದೀನಿ ಅಂತ ಗೊತ್ತಾದ ಕೂಡಲೇ ಇಟ್ಟುಬಿಡ್ತೀಯ. ಅದಕ್ಕೇ ಈ ಕಾಗದ. ಎತ್ತು ಯಾಕೆ ಮಾರಿದೆ ಅಂತ ಮತ್ತೆ ಬರೆಯೋದಿಲ್ಲ, ಅದು ಇಬ್ಬರಿಗೂ ಗೊತ್ತು. ದನಿ ಏರಿಸಿದ್ದಕ್ಕೆ ಮಾತ್ರ ಬೇಜಾರಿದೆ ಕಣಮ್ಮ.

ಆದರೆ ನೀನು ಎಸೆದ ಮಾತು ತಲೆಯಲ್ಲೇ ಕೂತಿದೆ. "ನಂದಿ ಜಾತ್ರೆಗೆ ಹೋಗಿ ಕಲ್ಲಿನ ಎತ್ತಿಗೆ ಕೈ ಮುಗೀತೀರ, ಅದೇ ಬಯಲಲ್ಲಿ ಜೀವ ಇರೋ ಎತ್ತನ್ನ ಮಾರ್ತೀರ" ಅಂದೆಯಲ್ಲ. ಇಷ್ಟು ವರ್ಷ ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟೆ, ಒಬ್ಬ ಹುಡುಗನೂ ಹೀಗೆ ಕೇಳಲಿಲ್ಲ. ನನ್ನ ಮಗಳು ಕೇಳಿದಳು ಅಂತ ಒಳಗೊಳಗೇ ಖುಷಿಯೂ ಆಯ್ತು, ಬೈಸಿಕೊಂಡವನು ನಾನೇ ಆದರೂ.

ಆದರೆ ಭೋಗನಂದೀಶ್ವರನ ಎದುರಿಗೆ ಕೂತಿರೋದು ಎತ್ತಲ್ಲ, ಗೂಳಿ. ಮುಂದಿನ ಸಲ ನಂದಿ ಮಂಟಪಕ್ಕೆ ಹೋದಾಗ ಹಿಂದಿನಿಂದ ನೋಡು. ಹಳೇ ದೇವಸ್ಥಾನಗಳ ನಂದಿಗೆ ಸಾಮಾನ್ಯವಾಗಿ ಬಾಲದ ಕೆಳಗೆ ಶಿಲ್ಪಿ ಬೀಜವನ್ನು ಮುಚ್ಚುಮರೆ ಇಲ್ಲದೆ ಕೆತ್ತಿರುತ್ತಾನೆ. ಹಿರಿಯರು ಅಲ್ಲಿ ಕೈಯಿಟ್ಟು, ಎರಡು ಕೊಂಬಿನ ನಡುವಿನಿಂದ ಲಿಂಗ ನೋಡುತ್ತಾರೆ. ನಿನಗೆ ಆಗ ನಗು ಬರ್ತಿತ್ತು. ನಮ್ಮ ಹಳ್ಳಿಕಾರ್ ಜೋಡಿಗೆ ನೊಗ ಕಟ್ಟೋ ಮುಂಚೆ ಬೀಜ ಒಡೆಸಿದ್ದೆವು. ಇಲ್ಲದಿದ್ದರೆ ಅವು ಮಾತು ಕೇಳೋದಿಲ್ಲ, ಸಾಲು ಹಿಡಿಯೋದಿಲ್ಲ. ದೇವರಿಗೆ ಬಿಟ್ಟ ಬಸವನಿಗೆ ಬೀಜ ಒಡೆಸೋದಿಲ್ಲ, ನೊಗವನ್ನೂ ಇಡೋದಿಲ್ಲ. ಯಾರ ಹೊಲಕ್ಕೆ ನುಗ್ಗಿದರೂ ಓಡಿಸ್ತಾರೆ, ಹೊಡೆಯೋದಿಲ್ಲ. ಈ ಲೆಕ್ಕದಲ್ಲಿ ಶಿವನ ವಾಹನ ದುಡಿಯೋ ದನವೇ ಅಲ್ಲ.

ಹಾಗಾದರೆ ಗೂಳಿಯೇ ಯಾಕೆ? ಇದಕ್ಕೆ ಪುಸ್ತಕ ಬೇಕಾಗಿಲ್ಲ. ನೀನು ಚಿಕ್ಕವಳಿದ್ದಾಗ ಜಾತ್ರೆಯಲ್ಲಿ ನನ್ನ ಕೈ ಬಿಡಿಸಿಕೊಂಡು ಗೂಟಕ್ಕೆ ಕಟ್ಟಿದ್ದ ಒಂದು ಬೀಜದ ಹೋರಿಯ ಮುಂದೆ ಹೋಗಿ ನಿಂತಿದ್ದೆ. ನಾನು ದಲ್ಲಾಳಿ ಜೊತೆ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಮಾತಾಡ್ತಿದ್ದೆ. ತಿರುಗಿ ನೋಡಿದರೆ ಹೋರಿ ತಲೆ ತಗ್ಗಿಸಿತ್ತು. ಮುಂಗಾಲಿನಿಂದ ಮಣ್ಣು ಕೆರೆದು ಬೆನ್ನ ಮೇಲೆ ಎರಚಿಕೊಳ್ತಿತ್ತು. ಹಗ್ಗ ಬಿಗಿದು ನಿಂತಿತ್ತು. ನಿನಗೂ ಅದಕ್ಕೂ ಮಧ್ಯೆ ಒಂದು ಮೊಳ ಜಾಗ ಇತ್ತೋ ಇಲ್ಲವೋ. ಆಮೇಲೆ ಒಂದು ಸದ್ದು ಮಾಡಿತು ನೋಡು, ಕೂಗಲ್ಲ, ಎದೆಯೊಳಗಿನ ಗುಡುಗು. ನನ್ನ ಕಾಲಡಿಗೆ ನಡುಕ ಬಂದ ಹಾಗಾಯ್ತು. ನೀನು ನಗ್ತಾ ಕೈ ಚಾಚಿದ್ದೆ. ಹಗ್ಗ ಕಿತ್ತಿದ್ದರೆ ಏನಾಗ್ತಿತ್ತು ಅಂತ ಈಗಲೂ ರಾತ್ರಿ ಒಮ್ಮೊಮ್ಮೆ ಲೆಕ್ಕ ಹಾಕ್ತೀನಿ. ಗೂಟ ಎಷ್ಟು ಆಳ ಇತ್ತು, ಹಗ್ಗ ನಾರಿನದೋ ನೈಲಾನಿನದೋ. ಅಮ್ಮ ಬೈತಾಳೆ, ಸುಮ್ನೆ ಮಲಗಿ ಅಂತ.

ಆ ಸದ್ದು ಕೇಳಿದವರಿಗೆಲ್ಲ ಗುಡುಗೇ ನೆನಪಾಗಿದೆ. ಸಿರಿಯಾದ ಅರ್ಸ್ಲಾನ್ ತಾಶ್‌ನಲ್ಲಿ ಸಿಕ್ಕ ಒಂದು ಕಲ್ಲು ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಮ್ಮಿನಲ್ಲಿದೆ. ಕ್ರಿಸ್ತಪೂರ್ವ 8ನೇ ಶತಮಾನದ್ದು. ಬಿರುಗಾಳಿ ಮಳೆಯ ದೇವರು ಗೂಳಿಯ ಬೆನ್ನ ಮೇಲೆ ಎರಡೂ ಕಾಲೂರಿ ನಿಂತಿದ್ದಾನೆ. ಎರಡೂ ಕೈಯಲ್ಲಿ ಮಿಂಚು. ಈಗಿನ ಟರ್ಕಿಯ ದೊಲಿಖೆ ಅನ್ನೋ ಊರಿನ ದೇವರೂ ಹೀಗೇ, ಗೂಳಿ ಮೇಲೆ ನಿಂತು ಒಂದು ಕೈಯಲ್ಲಿ ಗಂಡುಗೊಡಲಿ, ಇನ್ನೊಂದರಲ್ಲಿ ಸಿಡಿಲು ಹಿಡಿದವನು. ರೋಮಿನ ಸೈನಿಕರು ಅವನನ್ನು ಜುಪಿಟರ್ ದೊಲಿಕೇನಸ್ ಅಂತ ಕರೆದು ಬ್ರಿಟನ್ನಿನ ಗಡಿಯವರೆಗೂ ಹೊತ್ತುಕೊಂಡು ಹೋದರು. ಅಲ್ಲೆಲ್ಲ ದೇವರೂ ಪ್ರಾಣಿಯೂ ಒಂದೇ ಶಕ್ತಿ. ಗೂಳಿ ಗುಡುಗುತ್ತೆ, ಗುಡುಗಿದರೆ ಮಳೆ, ಮಳೆಯಿಂದ ಬೆಳೆ. ಮಳೆ ನಂಬಿದ ನಮ್ಮ ಜನಕ್ಕೆ ಇದನ್ನ ಬಿಡಿಸಿ ಹೇಳಬೇಕಾ?

ನಮ್ಮ ಶಿವ ಮಾತ್ರ ಬೇರೆ. ಕುಷಾಣರ ರಾಜ ವಿಮ ಕಡ್‌ಫೈಸಿಸ್‌ನ ನಾಣ್ಯದ ಚಿತ್ರ ಹುಡುಕಿ ನೋಡು. ತ್ರಿಶೂಲ ಹಿಡಿದ ದೇವರು ನೆಲದ ಮೇಲೆ ನಿಂತಿದ್ದಾನೆ, ಗೂಳಿ ಅವನ ಹಿಂದೆ ನಿಂತಿದೆ. ಹತ್ತಿಲ್ಲ, ತುಳಿದಿಲ್ಲ. ತಿರುವೆಂಕಾಡಿನ ಕಂಚಿನ ಶಿವ ಇದ್ದಾನೆ, 1011ರ ಸುಮಾರಿನವನು, ಈಗ ತಂಜಾವೂರಿನ ಮ್ಯೂಸಿಯಮ್ಮಿನಲ್ಲಿದ್ದಾನೆ. ಹಾವನ್ನೇ ರುಮಾಲಿನ ಹಾಗೆ ತಲೆಗೆ ಸುತ್ತಿಕೊಂಡು, ಒಂದು ಕಾಲನ್ನು ಇನ್ನೊಂದಕ್ಕೆ ಅಡ್ಡ ಇಟ್ಟು ನಿಂತು, ಬಲಗೈಯನ್ನು ಪಕ್ಕಕ್ಕೆ ಒರಗಿಸಿದ್ದಾನೆ. ಕೈ ಒರಗಿದ ಜಾಗದಲ್ಲಿ ಏನೂ ಇಲ್ಲ. ಅಲ್ಲಿದ್ದ ಗೂಳಿ ಸಿಕ್ಕಿಲ್ಲ. ಆದರೂ ಅಲ್ಲಿ ಗೂಳಿಯೇ ಇತ್ತು ಅಂತ ಆ ಕೈ ನೋಡಿದರೆ ಸಾಕು, ಗೊತ್ತಾಗುತ್ತೆ. ಸಂಜೆ ಕೆಲಸ ಮುಗಿಸಿ ದನದ ಬೆನ್ನಿಗೆ ಒರಗಿ ನಿಂತ ರೈತನೇ ಅವನು.

ಅದಕ್ಕೇ ಟಿವಿ ಪ್ರವಚನದವರು "ಪ್ರಾಣಿ ಅಂದರೆ ಕಾಮ ಕ್ರೋಧ, ದೇವರು ಅದನ್ನು ಅದುಮಿ ಕೂತಿದ್ದಾನೆ" ಅಂದರೆ ನನಗೆ ಒಪ್ಪಿಗೆ ಆಗೋದಿಲ್ಲ. ಗಣೇಶನ ಇಲಿಗೆ ಆ ಮಾತು ಹೇಗೋ ಹೊಂದಬಹುದು. ಎಲ್ಲಾ ಕಡೆ ನಡೆಯೋದಿಲ್ಲ. ಪ್ರಾಣಿ ಯಾವುದು ಅನ್ನೋದಕ್ಕಿಂತ ಅದು ಎಲ್ಲಿದೆ ಅಂತ ನೋಡಬೇಕು. ಕೋಣವನ್ನೇ ತಗೋ. ದುರ್ಗೆಯ ಕಾಲ ಕೆಳಗಿದ್ದರೆ ಅದು ಸೋತ ವೈರಿ, ಅವಳ ಸಿಂಹ ಅವಳ ಪರವಾಗಿ ಕಚ್ಚುತ್ತೆ. ಅದೇ ಕೋಣ ಯಮನನ್ನು ಹೊತ್ತಾಗ ವೈರಿಯಲ್ಲ, ಅವನ ಕೆಲಸಗಾರ. ನಂದಿ ಇವೆರಡೂ ಅಲ್ಲ. ಗರ್ಭಗುಡಿಗೆ ಮುಖ ಮಾಡಿ ಕೂತು ನೋಡ್ತಾನೆ, ಅಷ್ಟೇ. ಶಿವ ಬ್ರಹ್ಮಚರ್ಯದ ಯೋಗಿಯೂ ಹೌದು, ಲಿಂಗವೂ ಹೌದು. ಅಂಥವನು ಬೀಜ ಒಡೆಸಿದ ಎತ್ತನ್ನು ಇಟ್ಟುಕೊಂಡಿದ್ದರೆ ಅದರಲ್ಲೇನು ಹೆಚ್ಚುಗಾರಿಕೆ? ಪೂರ್ತಿ ಕಸುವಿರೋ ಗೂಳಿ ಹಗ್ಗವಿಲ್ಲದೆ ಎದುರಿಗೆ ಮೆಲುಕು ಹಾಕ್ತಾ ಕೂತಿದೆ, ಅದೇ ಇಲ್ಲಿರೋ ಅರ್ಥ ಅಂತ ನನಗನ್ನಿಸುತ್ತೆ.

ಇನ್ನೊಂದು ವಿಷಯ. ಈ ಪ್ರಾಣಿಗಳಲ್ಲಿ ಕೆಲವು ದೇವರನ್ನು ಬೆನ್ನ ಮೇಲೆ ಹೊರೋದಕ್ಕಿಂತ ಮುಂಚೆ ದೇವರ ಬಾವುಟದಲ್ಲಿ ಕಾಣಿಸ್ತವೆ. ವಿದಿಶಾ ಹತ್ತಿರ ಬೆಸನಗರದಲ್ಲಿ ಹೆಲಿಯೊಡೋರಸ್ ಅನ್ನೋ ಗ್ರೀಕ್ ರಾಯಭಾರಿ ಕ್ರಿಸ್ತಪೂರ್ವ 2ನೇ ಶತಮಾನದ ಕೊನೆಯ ಹೊತ್ತಿಗೆ ವಾಸುದೇವನಿಗೆ ಕಂಬ ನೆಡಿಸಿದ. ಶಾಸನದಲ್ಲಿ ಅದಕ್ಕೆ ಗರುಡಧ್ವಜ ಅಂತಲೇ ಹೆಸರು. ಶಿವನಿಗೂ ವೃಷಭಧ್ವಜ ಅನ್ನೋ ಹೆಸರಿದೆ. ಬಾವುಟದ ಪ್ರಾಣಿ ಯಾರ ಕಡೆಯ ದಂಡು ಅಂತ ಹೇಳುತ್ತೆ, ನೀತಿಪಾಠ ಹೇಳೋದಿಲ್ಲ. ಎಲ್ಲದಕ್ಕೂ ಗುಣಪಾಠ ಹುಡುಕೋ ಚಾಳಿ ಬೇಡ ಪುಟ್ಟಿ, ಪರೀಕ್ಷೆಯಲ್ಲೂ ಬರೆಯಬೇಡ. ಹೊತ್ತು ಹೊತ್ತಿಗೆ ಊಟ ಮಾಡು. ಹಾಸ್ಟೆಲಿನಲ್ಲಿ ರಾತ್ರಿ ಜಾಸ್ತಿ ಹೊತ್ತು ಮೊಬೈಲ್ ನೋಡಬೇಡ. ನೋಡು, ಪಾಠ ಶುರು ಮಾಡಿಬಿಟ್ಟೆ. ಬಿಡು.

ನೀನು ಕೇಳಿದ್ದರಲ್ಲಿ ಇನ್ನರ್ಧ ಉಳಿದೇ ಇದೆ. ಕಲ್ಲಿನದು ಗೂಳಿ ಅಂದಮಾತ್ರಕ್ಕೆ ಎತ್ತು ಮಾರಿದ್ದು ಸರಿಹೋಗೋದಿಲ್ಲ, ಅದು ನನಗೂ ಗೊತ್ತು. ಕೊಂಡವರು ಮುಳಬಾಗಿಲ ಕಡೆಯವರು. ಬಾಯಿ ಬಿಡಿಸಿ ಹಲ್ಲು ನೋಡಿದರು, ಗೊರಸು ನೋಡಿದರು, ಉಳುಮೆಗೇ ಅಂತ ಹೇಳಿದ್ದಾರೆ. ಬರೋ ಭಾನುವಾರ ಹೋಗಿ ಕಣ್ಣಾರೆ ನೋಡಿಕೊಂಡು ಬರ್ತೀನಿ. ಬರೋದಾದರೆ ಶನಿವಾರ ರಾತ್ರಿಯೇ ಬಾ, ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು.

ನಿನ್ನ
ಅಪ್ಪ