ಯಾವ ಬಣ್ಣದ ಬಾವುಟ? ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

ನಾನು ಕಾರವಾರದಲ್ಲಿ ಮದುವೆ, ಉಪನಯನ, ಯಕ್ಷಗಾನದ ವಿಡಿಯೋ ಎಡಿಟ್ ಮಾಡಿ ಬದುಕುವವನು. ಕಳೆದ ಮಳೆಗಾಲದಲ್ಲಿ ಒಂದು ಇಲಾಖೆ ಕರಾವಳಿಯವರಿಗಾಗಿ ಎಚ್ಚರಿಕೆಯ ವಿಡಿಯೋ ಮಾಡಿಸಿತ್ತು. ಇಲಾಖೆಯ ಹೆಸರು ಇಲ್ಲಿ ಬೇಡ. ಎರಡು ನಿಮಿಷ ಹತ್ತು ಸೆಕೆಂಡಿನ ವಿಡಿಯೋ. ಡ್ರೋನ್ ಶಾಟ್ ಚೆನ್ನಾಗಿತ್ತು, ಕಟಿಂಗ್ ಕೂಡ ನೀಟಾಗಿತ್ತು. ನನಗೇ ಸ್ವಲ್ಪ ಹೊಟ್ಟೆಕಿಚ್ಚಾಯ್ತು.

ಅದನ್ನು ಬೈತಖೋಲ್ ಬಂದರಿನಲ್ಲಿ ಮಾವನಿಗೆ ತೋರಿಸಿದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್ ಅಲ್ವಾ, ಅವರು ಜೆಟ್ಟಿಯ ಮೇಲೆ ಬಲೆ ರಿಪೇರಿ ಮಾಡುತ್ತಾ ಕೂತಿದ್ದರು. ಮೂವತ್ತು ವರ್ಷ ಬೋಟಿನ ಡೀಸೆಲ್ ಇಂಜಿನ್ ಪಕ್ಕ ನಿಂತು ಅವರ ಕಿವಿ ಹೋಗಿದೆ. ಪೂರ್ತಿ ನೋಡಿ ಫೋನ್ ವಾಪಸ್ ಕೊಟ್ಟರು. "ಅಲೆ ಜೋರಾಗಿದೆ, ಅದು ಗೊತ್ತಾಯ್ತು. ಉಳಿದದ್ದು ಏನು ಹೇಳಿದ್ರೋ" ಅಂದರು. ಕ್ಯಾಪ್ಷನ್ ಇರಲಿಲ್ಲ. ಅಲ್ಲಲ್ಲಿ ಬಂದ ನಾಲ್ಕು ಸಾಲು ಬಿಳಿ ಅಕ್ಷರ ಬಿಳಿ ನೊರೆಯ ಮೇಲೆ ಕೂತಿತ್ತು.

ಮನೆಗೆ ಬಂದು ಅಮ್ಮನಿಗೆ ಕೇಳಿಸಿದೆ. ಸಕ್ಕರೆ ಕಾಯಿಲೆಯಿಂದ ಅವಳಿಗೆ ಈಗ ಬೆಳಕು, ನೆರಳು ಬಿಟ್ಟರೆ ಏನೂ ಕಾಣುವುದಿಲ್ಲ. ನಲವತ್ತೆಂಟನೇ ಸೆಕೆಂಡಿಗೆ ದನಿ ಬಂತು: "ಈ ಬಣ್ಣದ ಬಾವುಟ ಕಂಡರೆ ನೀರಿಗೆ ಇಳಿಯಬೇಡಿ." ಅಮ್ಮ ಕೇಳಿದಳು, "ಯಾವ ಬಣ್ಣ ಮಾರಾಯ?" ಕೊನೆಗೆ "ತುರ್ತು ಇದ್ದರೆ ಕೆಳಗಿನ ನಂಬರಿಗೆ ಕರೆ ಮಾಡಿ" ಎಂದು ದನಿ ನಿಂತಿತು. ಆಮೇಲೆ ನಾಲ್ಕು ಸೆಕೆಂಡು ಬರೀ ಸಂಗೀತ. 1077 ಅನ್ನುವುದು ಪರದೆ ಮೇಲಷ್ಟೇ ಇತ್ತು.

ಮಾಡಿದ ವಿಡಿಯೋವನ್ನು ಬಿಸಾಡಿ ಇನ್ನೊಂದು ಮಾಡಿಸಿ ಎಂದು ನಾನು ಕೇಳುತ್ತಿಲ್ಲ. ಇದನ್ನೇ ಸರಿಮಾಡಬಹುದು. ಮನೆಯಲ್ಲೇ ಕೂತು ಮಾಡಿ ನೋಡಿದೆ, ಒಂದೂವರೆ ದಿನ ಹಿಡಿಯಿತು. ಎಲ್ಲೆಲ್ಲಿ ಸಿಕ್ಕಿಬಿದ್ದೆ ಅನ್ನುವುದನ್ನೂ ಹೇಳುತ್ತೇನೆ.

ಮೊದಲು ಕ್ಯಾಪ್ಷನ್. ಸ್ಕ್ರಿಪ್ಟ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ ಅಂದುಕೊಂಡಿದ್ದೆ. ಪರಿಚಯದವರೊಬ್ಬರು ಕಳಿಸಿಕೊಟ್ಟರು. ಕ್ಯಾಪ್ಷನ್ ಫೈಲಿಗೆ ಅಂಟಿಸಿದರೆ "ಕನ್ನಡ" ಇರಬೇಕಾದ ಕಡೆ `PÀ£ÀßqÀ` ಅಂತ ಬಂತು. ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಯೂಟ್ಯೂಬ್‌ಗಾಗಲೀ ಫೋನಿಗಾಗಲೀ ಬೇಕಾದದ್ದು ಯೂನಿಕೋಡ್. ಪರಿವರ್ತಕದಲ್ಲಿ ಹಾಕಿ ತೆಗೆದು, ಒತ್ತಕ್ಷರ, ಅರ್ಕಾವತ್ತು ಎಲ್ಲ ಒಂದೊಂದಾಗಿ ನೋಡಿ, ಫೈಲನ್ನು UTF-8 ಆಗಿ ಉಳಿಸಿದೆ. ಫೈಲಿನ ಒಳಗೆ ಇರುವುದು ಇಷ್ಟೇ:

```
7
00:00:48,200 --> 00:00:51,000
ಈ ಬಣ್ಣದ ಬಾವುಟ ಕಂಡರೆ
ನೀರಿಗೆ ಇಳಿಯಬೇಡಿ.

8
00:00:51,400 --> 00:00:53,600
[ಸೈರನ್ ಸದ್ದು]
```

ಎಂಟನೆಯದನ್ನು ನೋಡಿ. ಅಲ್ಲಿ ಮಾತಿಲ್ಲ, ಸೈರನ್ ಇದೆ. ಕಿವಿ ಕೇಳದವರಿಗೆ ಆ ಸೈರನ್ ಕೂಡ ಬರೆದೇ ತಿಳಿಸಬೇಕು. ಎಲ್ಲ ಸದ್ದನ್ನೂ ಬರೆಯಬೇಕಿಲ್ಲ, ಅರ್ಥ ಹೊತ್ತು ಬರುವ ಸದ್ದು ಸಾಕು. ಒಂದು ಸಲಕ್ಕೆ ಎರಡೇ ಸಾಲು. ಸಾಲು ಮುರಿಯುವಾಗ ಮಾತಿನ ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲೇ ಮುರಿಯಬೇಕು.

ಈ ಫೈಲನ್ನು ಯೂಟ್ಯೂಬಿನಲ್ಲಿ ಈಗಾಗಲೇ ಇರುವ ವಿಡಿಯೋಗೇ ಸೇರಿಸಬಹುದು. ಲಿಂಕ್ ಬದಲಾಗುವುದಿಲ್ಲ. ಆದರೆ ನಮ್ಮ ಬಂದರಿನಲ್ಲಿ ವಿಡಿಯೋ ಓಡಾಡುವುದು ವಾಟ್ಸಾಪ್‌ನಲ್ಲಿ. ವಿಡಿಯೋ ಫಾರ್ವರ್ಡ್ ಆಗುತ್ತದೆ, ಕ್ಯಾಪ್ಷನ್ ಫೈಲ್ ಜೊತೆಗೆ ಹೋಗುವುದಿಲ್ಲ. ಅದಕ್ಕೆ ಅಕ್ಷರವನ್ನು ಚಿತ್ರದಲ್ಲೇ ಅಚ್ಚುಹಾಕಿದ ಇನ್ನೊಂದು ಪ್ರತಿ ಬೇಕು. ffmpeg ಅನ್ನುವ ಉಚಿತ ತಂತ್ರಾಂಶದಲ್ಲಿ ಅದೂ ಒಂದು ಸಾಲಿನ ಕೆಲಸ, ಖರ್ಚಿಲ್ಲದ್ದು:

```
ffmpeg -i male.mp4 -vf subtitles=male.srt -c:a copy male-wa.mp4
```

ಕಂಪ್ಯೂಟರಿನಲ್ಲಿ ಒಳ್ಳೆಯ ಕನ್ನಡ ಯೂನಿಕೋಡ್ ಫಾಂಟ್ ಇರಬೇಕು, ಇಲ್ಲದಿದ್ದರೆ ಚೌಕಾಕಾರದ ಡಬ್ಬಿಗಳು ಬರುತ್ತವೆ.

ಇನ್ನು ಬಿಳಿ ನೊರೆಯ ವಿಷಯ. ಅಕ್ಷರ ಮತ್ತು ಹಿನ್ನೆಲೆಯ ಹೊಳಪಿನ ವ್ಯತ್ಯಾಸವನ್ನು ಒಂದು ಅನುಪಾತದಲ್ಲಿ ಅಳೆಯುತ್ತಾರೆ. ಕಪ್ಪಿನ ಮೇಲೆ ಬಿಳಿ ಎಂದರೆ 21ಕ್ಕೆ 1, ಅದಕ್ಕಿಂತ ಮೇಲೆ ಇಲ್ಲ. ವೆಬ್‌ನವರು ಒಪ್ಪಿದ ನಿಯಮದಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5ಕ್ಕೆ 1 ಇರಬೇಕು, ದೊಡ್ಡ ಅಕ್ಷರಕ್ಕೆ 3 ಆದರೂ ನಡೆಯುತ್ತದೆ. ನೊರೆಯ ಮೇಲಿನ ಬಿಳಿ ಅಕ್ಷರ ಹೆಚ್ಚುಕಡಿಮೆ 1ಕ್ಕೆ 1.

ಎಡಿಟ್ ಮಾಡಿದವನಿಗೆ ಇದು ಯಾಕೆ ಕಾಣಲಿಲ್ಲ? ನಾನೂ ಎಷ್ಟೋ ಸಲ ಇದೇ ತಪ್ಪು ಮಾಡಿದ್ದೇನೆ, ಹಾಗಾಗಿ ಗೊತ್ತು. ಅಕ್ಷರ ಕೂರಿಸುವಾಗ ಚಿತ್ರ ನಿಂತಿರುತ್ತದೆ. ನಿಂತ ಫ್ರೇಮಿನಲ್ಲಿ ಸಮುದ್ರ ಕಪ್ಪಗಿತ್ತು, ಬಿಳಿ ಅಕ್ಷರ ಎದ್ದು ಕಾಣುತ್ತಿತ್ತು. ಮುಂದಿನ ಸೆಕೆಂಡಿಗೆ ಅಲೆ ಒಡೆಯಿತು, ಅಕ್ಷರ ಮುಳುಗಿತು. ಓಡುವ ಚಿತ್ರದಲ್ಲಿ ಅತ್ಯಂತ ಬೆಳ್ಳಗಿನ ಫ್ರೇಮ್ ಹುಡುಕಿ ಅಲ್ಲಿ ಓದಿ ನೋಡಬೇಕು. ಅದೂ ಎಸಿ ರೂಮಿನ ಮಾನಿಟರಿನಲ್ಲಿ ಅಲ್ಲ, ಮಧ್ಯಾಹ್ನದ ಬಿಸಿಲಲ್ಲಿ ಸಣ್ಣ ಫೋನಿನಲ್ಲಿ.

ಪರಿಹಾರ ಅಕ್ಷರದ ಹಿಂದೆ ಒಂದು ಕಪ್ಪು ಪಟ್ಟಿ. ನೋಡೋಕೆ ಚೆಂದ ಇಲ್ಲ, ಒಪ್ಪುತ್ತೇನೆ. ಅಕ್ಷರಕ್ಕೆ ಸುತ್ತ ಕಪ್ಪು ಗೆರೆ ಎಳೆದರೆ ಸಾಲದೇ ಎಂದು ಕೇಳುತ್ತಾರೆ. ಇಂಗ್ಲಿಷಿಗೆ ಸಾಕಾಗಬಹುದು. ಕನ್ನಡದಲ್ಲಿ ಗೆರೆ ದಪ್ಪವಾದರೆ ಒತ್ತಕ್ಷರದ ಸಂದಿಗಳೆಲ್ಲ ತುಂಬಿ ಮಸಿ ಚೆಲ್ಲಿದಂತಾಗುತ್ತದೆ. ಪಟ್ಟಿಯನ್ನೂ ಕೆಳಗೆ ಸ್ವಲ್ಪ ಉದ್ದ ಬಿಡಬೇಕು, ಇಲ್ಲವಾದರೆ "ಎಚ್ಚರಿಕೆ"ಯ ಒತ್ತು ಹೊರಗೆ ಉಳಿಯುತ್ತದೆ.

ಕೊನೆಯದು ದನಿಯ ವಿವರಣೆ. ಮಾತಿನ ನಡುವಿನ ಖಾಲಿ ಜಾಗದಲ್ಲಿ, ಕಣ್ಣಿಗೆ ಮಾತ್ರ ಸಿಗುವ ವಿಷಯವನ್ನು ಹೇಳುವುದು. ಬಾವುಟದ ಮಾತು ಮುಗಿದ ಮೇಲೆ ಸುಮಾರು ಎರಡೂವರೆ ಸೆಕೆಂಡು ಸೈರನ್ ಇತ್ತು. ಸಲೀಸಾಗಿ ಓದಿದರೆ ಅಷ್ಟರಲ್ಲಿ ನಾಲ್ಕು ಪದ ಹಿಡಿಸುತ್ತದೆ: "ದಡದಲ್ಲಿ ಕೆಂಪು ಬಾವುಟ ಹಾರುತ್ತಿದೆ." ಸರಿಹೋಯಿತು. ನಂಬರಿಗೆ ಮಾತ್ರ ನಾಲ್ಕು ಸೆಕೆಂಡು ಸಾಲಲಿಲ್ಲ. "ಒಂದು, ಸೊನ್ನೆ, ಏಳು, ಏಳು" ಎಂದು ಎರಡು ಸಲ ನಿಧಾನಕ್ಕೆ ಹೇಳಬೇಕಲ್ಲ. ಕೊನೆಯ ಫ್ರೇಮನ್ನು ಹಾಗೇ ನಿಲ್ಲಿಸಿ ಆರು ಸೆಕೆಂಡು ಬೆಳೆಸಿದೆ. ಉದ್ದ ಬದಲಾದ ಈ ಪ್ರತಿಯನ್ನು ಯೂಟ್ಯೂಬಿನಲ್ಲಿ ಹಳೆಯದರ ಜಾಗಕ್ಕೆ ಕೂರಿಸಲು ಬರುವುದಿಲ್ಲ. ಬೇರೆಯಾಗಿ ಹಾಕಿ, ಹಳೆಯದರ ಕೆಳಗೆ ಲಿಂಕ್ ಕೊಡಬೇಕು.

ನನ್ನ ಕೈಕಟ್ಟಿದ್ದು ಇಲ್ಲೇ. ನನ್ನ ಹತ್ತಿರ ಇದ್ದದ್ದು ಮುಗಿದ ವಿಡಿಯೋ ಒಂದೇ. ದನಿ, ಸಂಗೀತ, ಸೈರನ್ ಎಲ್ಲ ಕಲೆಸಿ ಒಂದಾಗಿತ್ತು. ನನ್ನ ವಿವರಣೆ ಕೇಳಿಸಲು ಸಂಗೀತ ತಗ್ಗಿಸಿದರೆ ಎಲ್ಲವೂ ತಗ್ಗುತ್ತದೆ. ಅಚ್ಚಾದ ಬಿಳಿ ಅಕ್ಷರ ಅಳಿಸಲೂ ಆಗಲಿಲ್ಲ, ಅದರ ಮೇಲೆಯೇ ಪಟ್ಟಿ ಹೊದಿಸಿದೆ.

ಹಾಗಾಗಿ ನಿಮ್ಮಲ್ಲಿ ಕೇಳುವುದು ಇಷ್ಟು. ನಿಮ್ಮ ಕ್ಷೇತ್ರದಲ್ಲಿ ಸರ್ಕಾರಿ ದುಡ್ಡಿನಿಂದ ಆಗುವ ವಿಡಿಯೋಗಳ ಕಾರ್ಯಾದೇಶದಲ್ಲಿ ಎರಡು ಸಾಲು ಸೇರಿಸಲು ಹೇಳಿ. ವಿಡಿಯೋ ಜೊತೆ ಯೂನಿಕೋಡ್ ಕ್ಯಾಪ್ಷನ್ ಫೈಲ್, ಅಕ್ಷರವಿಲ್ಲದ ಪ್ರತಿ, ದನಿ ಮತ್ತು ಸಂಗೀತದ ಬೇರೆ ಬೇರೆ ಟ್ರ್ಯಾಕ್ ಕೊಡಬೇಕು. ಕೊನೆಯ ಕಂತಿನ ಬಿಲ್ ಪಾಸ್ ಮಾಡುವ ಮೊದಲು ಯಾರಾದರೂ ಒಂದು ಸಲ ಸದ್ದು ಆರಿಸಿ, ಇನ್ನೊಂದು ಸಲ ಕಣ್ಣು ಮುಚ್ಚಿ ಪೂರ್ತಿ ನೋಡಬೇಕು. ಇದು ನಾನು ಹೊಸದಾಗಿ ಹುಟ್ಟಿಸಿದ ಬೇಡಿಕೆಯಲ್ಲ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯ 42ನೇ ಕಲಂ ಕ್ಯಾಪ್ಷನ್, ದನಿಯ ವಿವರಣೆ, ಸಂಜ್ಞೆ ಭಾಷೆ ಮೂರನ್ನೂ ಹೆಸರಿಸಿಯೇ ಹೇಳುತ್ತದೆ. ಸಂಜ್ಞೆ ಭಾಷೆ ನನಗೆ ಬಾರದು, ಆ ಕೆಲಸ ಹಾಗೇ ಉಳಿದಿದೆ. ಹುಟ್ಟಿನಿಂದಲೇ ಕಿವಿ ಕೇಳದ, ಓದು ಅಷ್ಟಾಗಿ ಬಾರದವರಿಗೆ ನನ್ನ ಕ್ಯಾಪ್ಷನ್ ಸಾಕಾಗುವುದಿಲ್ಲ.

ಸರಿಮಾಡಿದ ಪ್ರತಿ ಪೆನ್‌ಡ್ರೈವಿನಲ್ಲಿದೆ. ಮುಂದಿನ ಸಲ ನೀವು ಕಾರವಾರಕ್ಕೆ ಬಂದಾಗ ತಂದುಕೊಡುತ್ತೇನೆ. ಬೈತಖೋಲ್‌ಗೂ ಬಂದರೆ ಒಳ್ಳೆಯದು. ಮಾವ ಎರಡನೇ ಸಲ ನೋಡಿ "ಅಕ್ಷರ ಇನ್ನೂ ಸ್ವಲ್ಪ ದೊಡ್ಡದು ಮಾಡು" ಅಂದಿದ್ದಾರೆ, ಅದನ್ನು ಈ ವಾರ ಮಾಡುತ್ತಿದ್ದೇನೆ.

ಇಂತಿ,
ಕಾರವಾರದ ಒಬ್ಬ ವಿಡಿಯೋ ಎಡಿಟರ್