ತೋನ್ಸೆಪಾರ್ ಎಂಬ ಹೆಸರೂ ಬೋರ್ಡಿನಲ್ಲಿ ಇರಲಿ: ಉಡುಪಿ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ ನಮಸ್ಕಾರ.

ಹೋದ ಡಿಸೆಂಬರ್‌ನಲ್ಲಿ ಬೆಂಗಳೂರಿನ ನೆಂಟರನ್ನು ಕರೆದುಕೊಂಡು ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿದ್ದೆ. ನಮ್ಮ ಮಾವನೂ ಜೊತೆಗಿದ್ದರು. ನಲವತ್ತು ವರ್ಷ ಕಡಲಿಗೆ ಹೋದವರು, ಈಗ ಮೊಣಕಾಲು ನೋವು ಅಂತ ದಡದಲ್ಲಿದ್ದಾರೆ. ಬೋಟಿನಲ್ಲಿ ಪಕ್ಕದ ಗುಂಪಿನವರಿಗೆ ಒಬ್ಬ ಹುಡುಗ ವಿವರಣೆ ಕೊಡುತ್ತಿದ್ದ. "ವಾಸ್ಕೋ ಡ ಗಾಮಾ ಮೊದಲು ಇಳಿದದ್ದು ಇಲ್ಲೇ, ಹೆಸರಿಟ್ಟದ್ದೂ ಅವನೇ. ಆಮೇಲೆ ಕಲ್ಲಿಕೋಟೆಗೆ ಹೋದ." ಅದನ್ನು ಕೇಳಿಸಿಕೊಂಡ ನೆಂಟರ ಮಗಳು ಮಾವನ ಕಡೆ ತಿರುಗಿ, "ಅಜ್ಜ, ಅದಕ್ಕಿಂತ ಮುಂಚೆ ಇದಕ್ಕೆ ಏನಂತಿದ್ದರು?" ಅಂದಳು.

"ಈಗಲೂ ಅಂತೇವಲ್ಲ ಮಗಾ. ತೋನ್ಸೆಪಾರ್."

ಆ ಹೆಸರು ದ್ವೀಪದಲ್ಲಿ ನಾನು ನೋಡಿದ ಯಾವ ಬೋರ್ಡಿನಲ್ಲೂ ಕಾಣಲಿಲ್ಲ. ಈ ಪತ್ರ ಬರೆಯಲು ಕಾರಣ ಅಷ್ಟೇ.

ಮೊದಲು ಆ ಹುಡುಗನ ಕಥೆಯನ್ನೇ ಸ್ವಲ್ಪ ಸರಿ ಮಾಡಬೇಕು. ಗಾಮಾ ಕಲ್ಲಿಕೋಟೆ ತಲುಪಿದ್ದು 1498ರ ಮೇ ತಿಂಗಳಲ್ಲಿ. ನಮ್ಮ ಕಡಲಿಗೆ ಬಂದದ್ದು ವಾಪಸು ಹೋಗುವಾಗ. ಆಗಸ್ಟ್ ಕೊನೆಗೆ ಕಲ್ಲಿಕೋಟೆ ಬಿಟ್ಟು ಉತ್ತರಕ್ಕೆ ಹೊರಟ, ಸೆಪ್ಟೆಂಬರ್ 15ರಂದು ದಡದಿಂದ ಸ್ವಲ್ಪ ದೂರದಲ್ಲಿ ಕೆಲವು ಪುಟ್ಟ ದ್ವೀಪಗಳು ಸಿಕ್ಕವು. ಅವನ ಜೊತೆಗಿದ್ದ ಒಬ್ಬ ಬರೆದಿಟ್ಟ ದಿನಚರಿಯಲ್ಲಿ ಇದೆಲ್ಲ ಇದೆ. ಪೋರ್ಚುಗಲ್ ರಾಜ ಮೂರು ಕಲ್ಲುಕಂಬಗಳನ್ನು ಕೊಟ್ಟು ಅವುಗಳ ಹೆಸರನ್ನೂ ಮೊದಲೇ ಹೇಳಿ ಕಳಿಸಿದ್ದ. ಸಂತ ರಫಾಯೆಲ್ ಮತ್ತು ಸಂತ ಗಾಬ್ರಿಯೆಲ್ ಹೆಸರಿನ ಎರಡು ಕಂಬ ಆಗಲೇ ಖರ್ಚಾಗಿದ್ದವು. ಉಳಿದದ್ದು ಸಾಂತಾ ಮರಿಯಾ. ಅದನ್ನು ಇಲ್ಲಿ ನೆಟ್ಟರು.

ಅಂದರೆ ಈ ದ್ವೀಪದ ಹೆಸರು ದ್ವೀಪವನ್ನು ನೋಡಿ ಇಟ್ಟದ್ದಲ್ಲ. ಲಿಸ್ಬನ್‌ನಲ್ಲಿ ಹಡಗು ಹತ್ತಿದ ಹೆಸರು, ಇಳಿಯಲು ಜಾಗ ಹುಡುಕುತ್ತಾ ಬಂದು ಇಲ್ಲಿ ಇಳಿಯಿತು.

ಅದೇ ದಿನಚರಿಯಲ್ಲಿ ನನಗೆ ತುಂಬಾ ಹಿಡಿಸಿದ ಒಂದು ಭಾಗ ಇದೆ. ಕಂಬ ನೆಡುವ ಹೊತ್ತಿಗೆ ಮೀನು ಹಿಡಿದುಕೊಂಡು ದೋಣಿಗಳು ಹಡಗಿನ ಹತ್ತಿರ ಬಂದವು. ಗಾಮಾ ಆ ಮೀನುಗಾರರಿಗೆ ಅಂಗಿಗಳನ್ನು ಕೊಟ್ಟ. ಇಲ್ಲೊಂದು ಕಂಬ ನೆಟ್ಟರೆ ನಿಮಗೆ ಸಂತೋಷವೇ ಅಂತ ಕೇಳಿದ. ಬಹಳ ಸಂತೋಷ, ನೀವೂ ನಮ್ಮ ಹಾಗೆ ಕ್ರೈಸ್ತರು ಅನ್ನುವುದು ಅದರಿಂದ ಗೊತ್ತಾಗುತ್ತದೆ ಅಂತ ಅವರು ಹೇಳಿದರಂತೆ! ಆ ಪ್ರಯಾಣದಲ್ಲಿ ಪೋರ್ಚುಗೀಸರು ನಮ್ಮ ಕಡೆಯ ಹಿಂದೂಗಳನ್ನು ಒಂದು ಬಗೆಯ ಕ್ರೈಸ್ತರು ಅಂದುಕೊಂಡಿದ್ದರು. ಕಲ್ಲಿಕೋಟೆಯಲ್ಲಿ ದೇವಸ್ಥಾನವನ್ನು ಇಗರ್ಜಿ ಅಂದುಕೊಂಡು ಒಳಗೆ ಹೋಗಿ ಪ್ರಾರ್ಥನೆ ಮಾಡಿ ಬಂದವರು ಇವರೇ. ಹಾಗಾಗಿ ನಮ್ಮವರು ನಿಜಕ್ಕೂ ಏನು ಹೇಳಿದರೋ, ಇವರಿಗೆ ಏನು ಕೇಳಿಸಿತೋ.

ಕಂಬ ನೆಡಬಹುದಾ ಅಂತ ಕೇಳಿದವನು, ಇದಕ್ಕೆ ನೀವು ಏನಂತೀರಿ ಅಂತ ಕೇಳಿದ್ದು ಮಾತ್ರ ಅಲ್ಲಿ ದಾಖಲಾಗಿಲ್ಲ. ಉತ್ತರ ಗೊತ್ತಿದ್ದವರು ಅಂಗಿ ಹಿಡಿದುಕೊಂಡು ಎದುರಿಗೇ ನಿಂತಿದ್ದರು.

ತೋನ್ಸೆಪಾರ್ ಅನ್ನುವುದು ಸೀದಾ ಸಾದಾ ಹೆಸರು. ತೋನ್ಸೆ ನಮ್ಮ ದಡದ ಊರು. ಪಾರ್ ಅಂದರೆ ಕಡಲಿನ ಬಂಡೆ. ತೋನ್ಸೆಯ ನೇರಕ್ಕೆ ಬಂಡೆ ಇದೆ ಅನ್ನುವುದು ದೋಣಿಯಲ್ಲಿದ್ದವನಿಗೆ ಆ ಹೆಸರಿನಲ್ಲೇ ಗೊತ್ತಾಗುತ್ತದೆ. ಬಲೆ ಎಲ್ಲಿ ಹರಿಯುತ್ತದೆ, ದೋಣಿಯ ಅಡಿ ಎಲ್ಲಿ ತಾಗುತ್ತದೆ ಅನ್ನುವ ಎಚ್ಚರಿಕೆಯೂ ಅದರಲ್ಲೇ ಇದೆ. ಸಾಂತಾ ಮರಿಯಾ ಅನ್ನುವ ಹೆಸರಿನಿಂದ ಇದ್ಯಾವುದೂ ತಿಳಿಯುವುದಿಲ್ಲ.

ಇದು ಒಂದೇ ದ್ವೀಪದ ಕಥೆಯಲ್ಲ. ಮುರುಡೇಶ್ವರದ ನೇತ್ರಾಣಿ ಇಂಗ್ಲಿಷರ ನಕ್ಷೆಯಲ್ಲಿ ಪಿಜನ್ ಐಲ್ಯಾಂಡ್. ಕಾರವಾರದ ದೇವಗಡದಲ್ಲಿರುವ ದೀಪಸ್ತಂಭಕ್ಕೆ ಆಯ್ಸ್ಟರ್ ರಾಕ್ ಅನ್ನುವ ಹೆಸರೇ ಉಳಿದಿದೆ. ಹಡಗಿನಿಂದ ನೋಡಿದವರಿಗೆ ಪಾರಿವಾಳ ಕಂಡರೆ ಪಾರಿವಾಳ, ಸಿಂಪಿ ಕಂಡರೆ ಸಿಂಪಿ. ಒಮ್ಮೆ ನಕ್ಷೆಗೆ ಹತ್ತಿದ ಹೆಸರನ್ನು ಮುಂದಿನ ನಕ್ಷೆಯವನು ಸುಮ್ನೆ ನಕಲು ಮಾಡುತ್ತಾನೆ. ದೋಣಿಯವರ ಹೆಸರು ಬಾಯಲ್ಲೇ ಉಳಿಯುತ್ತದೆ.

ಈಗ ನಾನು ಏನು ಕೇಳುತ್ತಿಲ್ಲ ಅನ್ನುವುದನ್ನು ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಪತ್ರಗಳನ್ನು ಬೇರೆಯದೇ ಕೆಲಸಕ್ಕೆ ಬಳಸುವವರಿದ್ದಾರೆ. ಮೇರಿಯಮ್ಮನ ಹೆಸರು ಕಿತ್ತುಹಾಕಿ ಅಂತ ನಾನು ಹೇಳುತ್ತಿಲ್ಲ. ಕಲ್ಯಾಣಪುರದ ಕೊಂಕಣಿ ಕ್ರೈಸ್ತರು ನಮ್ಮ ನೆರೆಯವರು. ಐನೂರು ವರ್ಷ ಬಳಕೆಯಲ್ಲಿದ್ದ ಹೆಸರಿಗೂ ಒಂದು ಇತಿಹಾಸ ಇದೆ. ಇನ್ನು ಯಾರಾದರೂ ದೊಡ್ಡವರ ಹೆಸರನ್ನು ಈ ದ್ವೀಪಕ್ಕೆ ಇಡುವುದಂತೂ ಬೇಡವೇ ಬೇಡ. ಅಂಡಮಾನಿನಲ್ಲಿ 2018ರಲ್ಲಿ ಹ್ಯಾವ್‌ಲಾಕ್ ದ್ವೀಪ ಸ್ವರಾಜ್ ದ್ವೀಪವಾಯಿತು, ನೀಲ್ ದ್ವೀಪ ಶಹೀದ್ ದ್ವೀಪವಾಯಿತು. ಇಂಗ್ಲಿಷ್ ಅಧಿಕಾರಿಗಳ ಹೆಸರು ಹೋದದ್ದು ಸರಿಯೇ. ಆದರೆ ಅಲ್ಲಿನ ಮೂಲನಿವಾಸಿಗಳು ತಮ್ಮ ಮಾತಿನಲ್ಲಿ ಆ ದ್ವೀಪಗಳನ್ನು ಏನಂತ ಕರೆಯುತ್ತಿದ್ದರೋ ಅದು ಹೊಸ ಬೋರ್ಡಿಗೂ ಬರಲಿಲ್ಲ. ಅಲ್ಲಿಯೂ ಕಂಬ ಬದಲಾಯಿತು, ನೆಡುವ ರೀತಿ ಬದಲಾಗಲಿಲ್ಲ.

ನನಗೆ ಹಿಡಿಸಿದ್ದು ಆಸ್ಟ್ರೇಲಿಯಾದವರು ಹಿಡಿದ ದಾರಿ. ಅಲ್ಲಿನ ಮರುಭೂಮಿಯ ದೊಡ್ಡ ಕೆಂಪು ಬಂಡೆಯನ್ನು ಅನಂಗು ಜನ ಉಲುರು ಅನ್ನುತ್ತಾರೆ. 1873ರಲ್ಲಿ ಗಾಸ್ ಅನ್ನುವ ಸರ್ವೆಯವನು ಅದಕ್ಕೆ ಏಯರ್ಸ್ ರಾಕ್ ಅಂತ ಹೆಸರಿಟ್ಟ. ಏಯರ್ಸ್ ಆಗಿನ ರಾಜಕಾರಣಿ. 1993ರಲ್ಲಿ ಸರ್ಕಾರ ಎರಡೂ ಹೆಸರನ್ನು ಜೋಡಿಸಿ ಏಯರ್ಸ್ ರಾಕ್ / ಉಲುರು ಅಂತ ಅಧಿಕೃತ ಮಾಡಿತು. 2002ರಲ್ಲಿ ಜೋಡಿಯನ್ನು ತಿರುಗಿಸಿ ಉಲುರುವನ್ನು ಮುಂದೆ ತಂದರು. ಈಗ ಜಾಸ್ತಿ ಜನ ಉಲುರು ಅಂತಲೇ ಅನ್ನುತ್ತಾರೆ. ಯಾರ ಹೆಸರನ್ನೂ ಕಿತ್ತುಹಾಕಬೇಕಾಗಲಿಲ್ಲ.

ಅಧಿಕೃತವಾಗಿ ಹೆಸರು ಬದಲಿಸಲು ರಾಜ್ಯ ಸರ್ಕಾರ, ಕೇಂದ್ರ ಗೃಹ ಸಚಿವಾಲಯ ಅಂತ ಫೈಲು ಓಡಾಡಬೇಕು, ಗೊತ್ತು. ಬೋರ್ಡಿನಲ್ಲಿ ಇನ್ನೊಂದು ಹೆಸರನ್ನೂ ಬರೆಸಲು ಅಷ್ಟು ದೂರ ಹೋಗಬೇಕಾಗಿಲ್ಲ ಅಲ್ವಾ? ಮಲ್ಪೆ ಜೆಟ್ಟಿಯಲ್ಲಿ, ದ್ವೀಪದಲ್ಲಿ, ಜಿಲ್ಲೆಯ ವೆಬ್‌ಸೈಟಿನಲ್ಲಿ "ತೋನ್ಸೆಪಾರ್ / ಸೇಂಟ್ ಮೇರೀಸ್" ಅಂತ ಬರೆಸಿ. ಮೊದಲು ಕನ್ನಡದಲ್ಲಿ ಬರೆಸಿ, ಆಮೇಲೆ ಇಂಗ್ಲಿಷಿನಲ್ಲಿ. ಇಂಗ್ಲಿಷಿನ ‘Thonse’ ನೋಡಿ ಕನ್ನಡಕ್ಕೆ ಇಳಿಸಿದರೆ ಅದು "ಥೋನ್ಸೆ" ಆಗಿ ಕೂರುತ್ತದೆ. ಹಾಗೆ ಯಾರೂ ಅನ್ನುವುದಿಲ್ಲ.

ಇನ್ನೊಂದು ಕೆಲಸ ಸ್ವಲ್ಪ ದೊಡ್ಡದು. ಜಿಲ್ಲೆಯ ಕಡಲಿನ ಬಂಡೆ, ಕುದುರು, ದ್ವೀಪಗಳ ಹೆಸರನ್ನು ಮೀನುಗಾರರ ಬಾಯಿಂದಲೇ ಬರೆಸಿಕೊಳ್ಳಬೇಕು. ಸುಮ್ನೆ ಫಾರ್ಮ್ ಹಿಡಿದು "ಇದರ ಹೆಸರೇನು?" ಅಂದರೆ "ಕಲ್ಲು" ಅಂತಲೇ ಉತ್ತರ ಬಂದೀತು. ನಕ್ಷೆ ಬಿಡಿಸಿ, ಬಲೆ ಎಲ್ಲಿ ಹಾಕುತ್ತೀರಿ, ಎಲ್ಲಿ ಹಾಕುವುದಿಲ್ಲ, ಕತ್ತಲಲ್ಲಿ ಬರುವಾಗ ಯಾವುದನ್ನು ಬಲಕ್ಕೆ ಬಿಡುತ್ತೀರಿ ಅಂತ ಕೇಳಬೇಕು. ಆಗ ಹೆಸರುಗಳು ತಾವಾಗಿಯೇ ಬರುತ್ತವೆ. ಒಂದೇ ಬಂಡೆಗೆ ಮಲ್ಪೆಯವರು ಒಂದು, ಕೋಡಿಬೆಂಗ್ರೆಯವರು ಇನ್ನೊಂದು ಹೇಳಿದರೆ ಎರಡನ್ನೂ ಬರೆದುಕೊಳ್ಳಲಿ. ತುಳುವಿನಲ್ಲಿ ಹೇಳಿದ್ದನ್ನು ರೆಕಾರ್ಡ್ ಮಾಡಿ ಇಡಲಿ. ಕಚೇರಿಯಲ್ಲಿ ಕೂತು ಅದನ್ನು "ಶುದ್ಧ" ಮಾಡುವುದು ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳಿಗೆ ರಜೆ. ಆಗ ಜನ ದಡದಲ್ಲೇ ಇರುತ್ತಾರೆ, ಬಲೆ ಸರಿಮಾಡುತ್ತಾ ಕೂತಿರುತ್ತಾರೆ. ನಿಮ್ಮ ಕಚೇರಿಯವರನ್ನು ಆ ಸಮಯಕ್ಕೆ ಕಳಿಸಿ. ಮಾವನನ್ನು ನಾನೇ ಕರೆದುಕೊಂಡು ಬರುತ್ತೇನೆ. ಮಳೆಗಾಲದಲ್ಲಿ ಮೊಣಕಾಲು ನೋವು ಇನ್ನೂ ಜಾಸ್ತಿ, ಆದ್ದರಿಂದ ಕೂರಲು ಒಂದು ಕುರ್ಚಿ ಇದ್ದರೆ ಒಳ್ಳೆಯದು.

ಇಂತಿ,
ಮಲ್ಪೆಯ ಒಬ್ಬ ನಿವಾಸಿ